6 ಅಂತ ಬರೆದವರೆಲ್ಲ ಸರಿ ಅಲ್ಲ: ಒಂದು ಪ್ರಶ್ನೆ ಶೀಟಿನ ರಿಪೇರಿ

ವಿಜಯನಗರದಲ್ಲಿ ನಮ್ಮ ಮನೆಯ ಮೇಲಿನ ರೂಮಿನಲ್ಲಿ ಶನಿವಾರ ಸಂಜೆ ಮಕ್ಕಳಿಗೆ ಪೈಥಾನ್ ಹೇಳಿಕೊಡುತ್ತೇನೆ. ಒಂಬತ್ತು, ಹತ್ತನೇ ಕ್ಲಾಸಿನವರು, ಒಟ್ಟು 14 ಜನ. ಮೂರು ಹಳೇ ಲ್ಯಾಪ್‌ಟಾಪು, ಒಂದು ಚಾಪೆ, ಒಂದು ಬಿಳಿ ಬೋರ್ಡು. ವಾರವೆಲ್ಲ ನನ್ನದು ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಬೇರೆಯವರ ಪ್ರೋಗ್ರಾಮಿನಲ್ಲಿ ಹುಳುಕು ಹುಡುಕಿಯೇ ಸಂಬಳ ತಗೊಳ್ಳುವವನು ನಾನು. ಹಾಗಿದ್ದೂ ನನ್ನ ಶೀಟಿನ ಹುಳುಕು ನನಗೇ ಕಾಣಲಿಲ್ಲ.

ಶೀಟು ಅಂದರೆ ದೊಡ್ಡದೇನಲ್ಲ. ಎರಡು ಪುಟ. ‘ಈ ಪ್ರೋಗ್ರಾಮ್ ಓಡಿಸಿದರೆ ಏನು ಪ್ರಿಂಟ್ ಆಗುತ್ತೆ?’ ಅನ್ನುವ ಐದು ಪ್ರಶ್ನೆ, ‘ಇದರಲ್ಲಿ ತಪ್ಪು ಎಲ್ಲಿದೆ?’ ಅನ್ನುವ ಮೂರು ಪ್ರಶ್ನೆ. ಸಿಬಿಎಸ್‌ಇ ಹನ್ನೊಂದು, ಹನ್ನೆರಡನೇ ಕ್ಲಾಸಿಗೆ ಕಂಪ್ಯೂಟರ್ ಸೈನ್ಸ್ ತಗೊಂಡರೆ ಈ ಎರಡು ಬಗೆಯೂ ಬರುತ್ತವೆ. ಔಟ್‌ಪುಟ್ ಬರೆಯಿರಿ ಅನ್ನುವುದು ಒಂದು. ತಪ್ಪು ತಿದ್ದಿ ಬರೆದು, ತಿದ್ದಿದ ಕಡೆಯೆಲ್ಲ ಅಡಿಗೆರೆ ಹಾಕಿ ಅನ್ನುವುದು ಇನ್ನೊಂದು. ಈಗಲೇ ಕೈ ಪಳಗಲಿ ಅಂತ ಈ ಶೀಟು ಮಾಡಿದ್ದೆ.

ಮೊದಲ ಪ್ರಶ್ನೆ ಇದು.

```python
total = 0
for i in range(1, 4):
    total = total + i
print(total)
```

`range(1, 4)` ಅಂದರೆ 1, 2, 3, ಕೊನೆಯ 4 ಸೇರುವುದಿಲ್ಲ. ಕೂಡಿದರೆ ಉತ್ತರ 6. 14 ಜನರಲ್ಲಿ 12 ಜನ 6 ಅಂತಲೇ ಬರೆದರು. ನಾನು ಖುಷಿಯಾಗಿ, ‘ರೇಂಜ್ ಮುಗೀತು, ಮುಂದಿನ ವಾರ ಲಿಸ್ಟ್’ ಅಂದೆ.

ಮುಂದಿನ ಶನಿವಾರ ಲ್ಯಾಪ್‌ಟಾಪ್ ಮುಂದೆ ಕೂರಿಸಿದೆ. ರನ್ ಒತ್ತುವ ಮುಂಚೆ ಏನು ಬರುತ್ತೆ ಅಂತ ಪೇಪರಿನಲ್ಲಿ ಬರೆದಿಟ್ಟುಕೊಳ್ಳಬೇಕು, ಅದು ನಮ್ಮಲ್ಲಿ ನಿಯಮ. `range(5, 8)` ಕೊಟ್ಟು ಒಂದೊಂದಾಗಿ ಪ್ರಿಂಟ್ ಮಾಡಿಸಿದೆ. ಕಿಟಕಿ ಪಕ್ಕ ಕೂರುವ ಹುಡುಗ ಪೇಪರಿನಲ್ಲಿ 0 1 2 3 4 5 6 7 ಅಂತ ಬರೆದಿದ್ದ. ಸ್ಕ್ರೀನಿನಲ್ಲಿ 5 6 7 ಬಂತು. ಅವನು ಲ್ಯಾಪ್‌ಟಾಪನ್ನೇ ಅನುಮಾನದಿಂದ ನೋಡಿದ.

ಹಳೇ ಶೀಟು ತೆಗೆದು ನೋಡಿದರೆ ಅವನೂ 6 ಅಂತಲೇ ಬರೆದು ಪೂರ್ತಿ ಮಾರ್ಕ್ಸ್ ತಗೊಂಡಿದ್ದ.

‘ಹೋದ ವಾರ 6 ಹೇಗೆ ಬಂತಪ್ಪಾ?’ ಅಂದೆ.

‘ಸೊನ್ನೆ, ಒಂದು, ಎರಡು, ಮೂರು. ಕೂಡಿದ್ರೆ ಆರು ಸರ್. ಯಾವಾಗ್ಲೂ ಸೊನ್ನೆಯಿಂದ ಶುರು ಅಂತ ನೀವೇ ಹೇಳಿದ್ರಲ್ಲ.’

ಹೇಳಿದ್ದು ನಿಜ. `range(4)` ಹೇಳಿಕೊಡುವಾಗ ಹೇಳಿದ್ದೆ. ಅವನು ಅದನ್ನೇ ಗಟ್ಟಿ ಹಿಡಿದುಕೊಂಡಿದ್ದ. ಕಮಾ ಹಾಕಿ ಎರಡು ಅಂಕಿ ಕೊಟ್ಟಾಗ ಮೊದಲನೆಯದು ಶುರುವಿನ ಜಾಗ ಅನ್ನುವುದು ಅವನ ತಲೆಗೆ ಹೋಗಿರಲೇ ಇಲ್ಲ. ಸೊನ್ನೆ ಕೂಡಿದರೂ ಬಿಟ್ಟರೂ ಮೊತ್ತ ಒಂದೇ. ಹಾಗಾಗಿ ನನ್ನ ಪ್ರಶ್ನೆ ಅವನ ತಪ್ಪು ತಿಳಿವಳಿಕೆಗೂ ಸರಿ ಗುರುತು ಹಾಕಿ ಕಳಿಸಿತ್ತು. ಇನ್ನೂ ಎಷ್ಟು ಜನ ಹೀಗೇ ಪಾಸಾಗಿದ್ದಾರೋ ಅಂತ ಅವತ್ತು ರಾತ್ರಿ ಶೀಟು ಬಿಚ್ಚಿಕೊಂಡು ಕೂತೆ.

ಮೊದಲ ರಿಪೇರಿ: ಅಂಕಿ ಬದಲಿಸುವುದು

ಪ್ರೋಗ್ರಾಮಿನ ರೂಪದಲ್ಲಿ ಏನೂ ಕೆಟ್ಟಿರಲಿಲ್ಲ. ಕೆಟ್ಟಿದ್ದು ಅಂಕಿ. ಒಂದು ಔಟ್‌ಪುಟ್ ಪ್ರಶ್ನೆಯಿಂದ ನನಗೆ ಬೇಕಾದದ್ದು ಇಷ್ಟೇ: ಮಗು ಬರೆದ ಉತ್ತರ ನೋಡಿದರೆ ಅದು ಹೇಗೆ ಯೋಚಿಸಿತು ಅಂತ ತಿಳಿಯಬೇಕು. ಅಂದರೆ ಬೇರೆ ಬೇರೆ ತಪ್ಪು ಯೋಚನೆಗೆ ಬೇರೆ ಬೇರೆ ಉತ್ತರ ಬರಬೇಕು. ಯಾವ ತಪ್ಪು ಯೋಚನೆಯ ಉತ್ತರವೂ ಸರಿ ಉತ್ತರಕ್ಕೆ ಸಮ ಆಗಬಾರದು.

ಹಾಗಾದರೆ ರೇಂಜ್ ವಿಷಯದಲ್ಲಿ ಮಕ್ಕಳು ಏನೇನು ತಪ್ಪು ಯೋಚಿಸುತ್ತಾರೆ? ಹಳೇ ಶೀಟು, ನೋಟ್‌ಬುಕ್ಕು ಎಲ್ಲ ಹರಡಿಕೊಂಡು ಐದು ಹೆಕ್ಕಿದೆ. ಕೊನೆಯ ಅಂಕಿಯೂ ಸೇರುತ್ತೆ ಅನ್ನುವವರು. ಇವರೇ ಜಾಸ್ತಿ. ಯಾವಾಗಲೂ ಸೊನ್ನೆಯಿಂದ ಅನ್ನುವವರು. ‘ಒಂದು ಬಿಟ್ಟು ಹೋಗುತ್ತೆ’ ಅನ್ನುವುದಷ್ಟೇ ನೆನಪಿಟ್ಟುಕೊಂಡು, ಕೊನೆಯದರ ಬದಲು ಮೊದಲನೆಯದನ್ನು ಬಿಡುವವರು. ಎರಡೂ ತುದಿ ಬಿಡುವವರು. ಎರಡನೇ ಅಂಕಿ ಅಂದರೆ ಎಷ್ಟು ಸಲ ಸುತ್ತಬೇಕು ಅನ್ನುವ ಲೆಕ್ಕ ಅಂದುಕೊಂಡವರು. ಈ ಕೊನೆಯವರನ್ನು ಬೈಯುವ ಹಾಗಿಲ್ಲ. `range(4)` ನಿಜವಾಗಿಯೂ ನಾಲ್ಕೇ ಸಲ ಸುತ್ತುತ್ತೆ, ಅಲ್ವಾ?

ಬರೀ ಕಣ್ಣಿನಲ್ಲಿ ನೋಡಿ ಅಂಕಿ ಆರಿಸಿದರೆ ಮತ್ತೆ ಏಮಾರುತ್ತೇನೆ ಅನಿಸಿತು. ಅದಕ್ಕೆ ಐದು ತಪ್ಪು ಯೋಚನೆಗಳನ್ನೂ ಪೈಥಾನ್‌ನಲ್ಲೇ ಬರೆದು, ಯಾವುದು ಎಷ್ಟು ಕೊಡುತ್ತೆ ಅಂತ ನೋಡುವ ಒಂದು ಚಿಕ್ಕ ಪ್ರೋಗ್ರಾಮ್ ಮಾಡಿದೆ.

```python
a, b = 1, 4
yochane = {
    "ಸರಿ": range(a, b),
    "ಕೊನೆಯೂ ಸೇರಿ": range(a, b + 1),
    "ಸೊನ್ನೆಯಿಂದ": range(0, b),
    "ಮೊದಲು ಬಿಟ್ಟು": range(a + 1, b + 1),
    "ಎರಡೂ ಬಿಟ್ಟು": range(a + 1, b),
    "ಅಷ್ಟು ಸಲ": range(a, a + b),
}
for hesaru, r in yochane.items():
    print(hesaru, sum(r))
```

ಹಳೇ ಅಂಕಿಗೆ, ಅಂದರೆ 1 ಮತ್ತು 4ಕ್ಕೆ, ಮೇಲಿಂದ ಕೆಳಗೆ ಬಂದದ್ದು 6, 10, 6, 9, 5, 10. ನೋಡಿ, 6 ಎರಡು ಸಲ, 10 ಎರಡು ಸಲ. 6 ಬರೆದವರಲ್ಲಿ ಸೊನ್ನೆಯವರು ಅಡಗಿಕೊಂಡಿದ್ದರು. ಇನ್ನು ತಪ್ಪು ಮಾಡಿದ್ದ ಆ ಇಬ್ಬರೂ 10 ಅಂತ ಬರೆದಿದ್ದರು. ಇಬ್ಬರಿಗೂ ನಾನು ‘ಕೊನೆಯದು ಸೇರಲ್ಲ’ ಅಂತ ಒಂದೇ ಮಾತು ಹೇಳಿ ಕೂರಿಸಿದ್ದೆ. ಒಬ್ಬಳು ನಾಲ್ಕು ಸಲ ಸುತ್ತುವ ಲೆಕ್ಕದವಳು ಅಂತ ಕೇಳಿದ ಮೇಲೆ ಗೊತ್ತಾಯಿತು. ಕಾಲು ನೋವಿಗೆ ಕೈಗೆ ಪಟ್ಟಿ ಕಟ್ಟಿದ ಹಾಗಾಗಿತ್ತು.

ಒಂದರಿಂದ ಶುರು ಮಾಡಿದ್ದೇ ಎಡವಟ್ಟು, ಮೂರರಿಂದ ಶುರು ಮಾಡೋಣ ಅಂತ `a, b = 3, 6` ಹಾಕಿದೆ. ಬಂದದ್ದು 12, 18, 15, 15, 9, 33. ಈ ಸಲ ಸರಿ ಉತ್ತರ 12 ಒಂದೇ ಒಂದು. ಆದರೆ 15 ಎರಡು ಕಡೆ. ಸೊನ್ನೆಯಿಂದ ಐದರವರೆಗೆ ಕೂಡಿದರೂ 15, ನಾಲ್ಕು ಐದು ಆರು ಕೂಡಿದರೂ 15. ಮಾರ್ಕ್ಸ್ ಕೊಡುವುದಕ್ಕೆ ಇದು ಸಾಕು. ಮಗುವಿಗೆ ಏನು ಹೇಳಬೇಕು ಅನ್ನುವುದಕ್ಕೆ ಸಾಲದು.

`a, b = 3, 7` ಹಾಕಿದೆ. 18, 25, 21, 22, 15, 42. ಆರಕ್ಕೆ ಆರೂ ಬೇರೆ. ಇಷ್ಟಕ್ಕೇ ನಿಲ್ಲಿಸಿದೆ. ಇನ್ನೂ ದೊಡ್ಡ ಅಂಕಿ ಹಾಕಿದರೆ ಉತ್ತರಗಳು ಇನ್ನೂ ದೂರ ದೂರ ಬೀಳುತ್ತವೆ ನಿಜ, ಆದರೆ ಆಗ ಕೂಡುವುದರಲ್ಲೇ ಮಕ್ಕಳು ಎಡವುತ್ತಾರೆ. ಎಡವಿದ್ದು ಲೂಪಿನಲ್ಲೋ ಕೂಡುವುದರಲ್ಲೋ ಅಂತ ನನಗೆ ತಿಳಿಯುವುದಿಲ್ಲ. ನಾಲ್ಕು ಅಂಕಿ, ಎಲ್ಲ ಹತ್ತರ ಒಳಗೆ. ಅಷ್ಟಿದ್ದರೆ ಬೆರಳಲ್ಲೇ ಆಗುತ್ತೆ.

ಆದರೂ ಒಂದು ಭದ್ರತೆಗೆ ಅಂತ ಪ್ರಶ್ನೆಯ ಪಕ್ಕದಲ್ಲಿ ಎರಡು ಕಾಲಮ್ಮಿನ ಖಾಲಿ ಟೇಬಲ್ ಹಾಕಿದೆ. ಒಂದು ಕಾಲಮ್ಮಿಗೆ `i`, ಇನ್ನೊಂದಕ್ಕೆ `total`. ಲೂಪ್ ಒಂದು ಸುತ್ತು ಬಂದರೆ ಒಂದು ಸಾಲು. ಇದು ಕೆಲಸಕ್ಕೆ ಬಂತು. ಮುಂದಿನ ವಾರ ಒಬ್ಬಳು 17 ಅಂತ ಬರೆದಳು. ನನ್ನ ಆರು ಅಂಕಿಗಳಲ್ಲಿ 17 ಎಲ್ಲೂ ಇಲ್ಲ. ಟೇಬಲ್ ನೋಡಿದರೆ `i` ಕಾಲಮ್ಮಿನಲ್ಲಿ 3, 4, 5, 6 ಸರಿಯಾಗಿದೆ. `total` ಕಾಲಮ್ಮಿನಲ್ಲಿ 3, 7, 12, 17. ಹನ್ನೆರಡಕ್ಕೆ ಆರು ಕೂಡುವಾಗ ಜಾರಿದ್ದಾಳೆ, ಅಷ್ಟೇ. ಅವಳಿಗೆ ರೇಂಜ್ ಬಗ್ಗೆ ಹೇಳುವುದೇನೂ ಇರಲಿಲ್ಲ.

ಉಳಿದ ಔಟ್‌ಪುಟ್ ಪ್ರಶ್ನೆಗಳನ್ನೂ ಹೀಗೇ ಒಂದು ಸಲ ಒರೆಗೆ ಹಚ್ಚಿದೆ. ಅವುಗಳಲ್ಲಿ ಒಂದು ಮಾತ್ರ ಮೊದಲೇ ಗಟ್ಟಿಯಾಗಿತ್ತು, ನನ್ನ ಜಾಣತನ ಅಲ್ಲ, ಅದೃಷ್ಟ.

```python
a = 4
b = 9
a = b
b = a
print(a, b)
```

ಸರಿ ಉತ್ತರ 9 9. ಎರಡೂ ಅದಲುಬದಲಾಗುತ್ತೆ ಅಂದುಕೊಂಡವರು 9 4 ಬರೆಯುತ್ತಾರೆ. `=` ಅನ್ನು ಎಡದಿಂದ ಬಲಕ್ಕೆ ಓದುವವರಿಗೆ, ಅಂದರೆ `a = b` ಅಂದರೆ `a` ಹೋಗಿ `b`ಯಲ್ಲಿ ಕೂರುತ್ತೆ ಅನ್ನುವವರಿಗೆ 4 4. ಏನೂ ಬದಲಾಗಲ್ಲ ಅನ್ನುವವರಿಗೆ 4 9. ನಾಲ್ಕು ಯೋಚನೆ, ನಾಲ್ಕು ಉತ್ತರ. ಇದನ್ನು ಮುಟ್ಟಲಿಲ್ಲ.

ಎರಡನೇ ರಿಪೇರಿ: ಜೆರಾಕ್ಸ್ ಅಂಗಡಿಯಲ್ಲಿ ಸೇರಿಕೊಂಡ ಬಗ್

ಹೊಸ ಶೀಟು ಕೊಟ್ಟ ದಿನ ಮೂವರು ಮೊದಲ ಪ್ರಶ್ನೆಗೆ 3 7 12 18 ಅಂತ ನಾಲ್ಕು ಸಾಲು ಬರೆದರು. ಅಂದರೆ `print` ಲೂಪಿನ ಒಳಗಿದೆ ಅಂದುಕೊಂಡಿದ್ದಾರೆ. ಇದು ಇನ್ನೊಂದು ತಪ್ಪು ಯೋಚನೆ, ನನ್ನ ಪಟ್ಟಿಯಲ್ಲಿ ಬಿಟ್ಟುಹೋಗಿದೆ ಅಂತ ಬರೆದುಕೊಂಡೆ. ಆಮೇಲೆ ಅವರ ಶೀಟನ್ನೇ ಕೈಗೆ ತಗೊಂಡು ನೋಡಿದೆ.

ತಪ್ಪು ಅವರದಲ್ಲ. ಸ್ಕ್ರೀನಿನಲ್ಲಿ ನಾಲ್ಕು ಸ್ಪೇಸ್ ಅಂದರೆ ನಾಲ್ಕು ಅಕ್ಷರದಷ್ಟು ಅಗಲ. ನಾನು ಅದನ್ನು ಪತ್ರ ಬರೆಯುವ ಮಾಮೂಲಿ ಫಾಂಟಿನಲ್ಲಿ ಟೈಪ್ ಮಾಡಿದ್ದೆ. ಆ ಫಾಂಟಿನಲ್ಲಿ ಸ್ಪೇಸ್ ಸಣ್ಣದು, ನಾಲ್ಕು ಸೇರಿದರೂ ಒಂದು ಬೆರಳ ತುದಿಯಷ್ಟಿಲ್ಲ. ಅದರ ಮೇಲೆ ಜೆರಾಕ್ಸ್ ಸ್ವಲ್ಪ ಓರೆ ಬಂದಿತ್ತು. ಅದೂ ಸಾಲದು ಅಂತ ಕೊನೆಯ ಸಾಲು ಮುಂದಿನ ಪುಟಕ್ಕೆ ಹೋಗಿತ್ತು. ಮೇಲಿನ ಸಾಲು ಕಣ್ಣ ಮುಂದಿಲ್ಲದೆ `print` ಒಳಗಿದೆಯೋ ಹೊರಗಿದೆಯೋ ಅಂತ ಯಾರಾದರೂ ಹೇಗೆ ಹೇಳುತ್ತಾರೆ? ಪೈಥಾನ್‌ಗೆ ಆ ಖಾಲಿ ಜಾಗವೇ ಆವರಣ. ಖಾಲಿ ಜಾಗ ಮಸುಕಾದರೆ ಪ್ರೋಗ್ರಾಮೇ ಬೇರೆ.

ತಪ್ಪು ಹುಡುಕುವ ಪ್ರಶ್ನೆಯಲ್ಲಿ ಇನ್ನೂ ತಮಾಷೆ. ನಾನು ಅದರಲ್ಲಿ ಇಟ್ಟಿದ್ದು ಒಂದು ತಪ್ಪು. ಮಕ್ಕಳು ಮೂರು ಹಿಡಿದರು. ನನ್ನ ಉತ್ತರದ ಹಾಳೆ ನೋಡಿಕೊಂಡು ಜಾಸ್ತಿ ಬರೆದ ಎರಡಕ್ಕೂ ಇಂಟು ಹಾಕಿದ್ದೆ. ಒಬ್ಬ ಹುಡುಗ ಶೀಟು ತಂದು ನನ್ನ ಮುಂದೆ ಹಿಡಿದ. ‘ಸರ್, ಪ್ರಿಂಟಿನ ಪಿ ದೊಡ್ಡದಿದೆ. ಓಡಲ್ಲ ಇದು.’ ನೋಡಿದೆ, `Print` ಅಂತಲೇ ಇದೆ. ಡಾಕ್ಯುಮೆಂಟ್ ಟೈಪ್ ಮಾಡುವ ಸಾಫ್ಟ್‌ವೇರು ಹೊಸ ಸಾಲು ಅಂದರೆ ಹೊಸ ವಾಕ್ಯ ಅಂದುಕೊಂಡು ಮೊದಲ ಅಕ್ಷರವನ್ನು ತಾನಾಗಿ ದೊಡ್ಡದು ಮಾಡಿತ್ತು. ಉಳಿದ ಸಾಲುಗಳಲ್ಲಿ ನೋಡಿ ತಿದ್ದಿದ್ದೆ, ಇದೊಂದು ತಪ್ಪಿಸಿಕೊಂಡಿತ್ತು. ಇನ್ನೊಂದು, ಕೊಟೇಶನ್ ಗುರುತು. ನೇರ ಗುರುತನ್ನು ಅದು ಬಾಗಿದ ಗುರುತಾಗಿ ಬದಲಾಯಿಸಿತ್ತು. ಪೇಪರಿನಲ್ಲಿ ಅದು ಅಂದವಾಗಿಯೇ ಕಾಣುತ್ತೆ. ಹಾಗೇ ಕಾಪಿ ಮಾಡಿ ಓಡಿಸಿದರೆ ಪೈಥಾನ್ ಹೀಗೆ ಬೈಯುತ್ತೆ:

```
SyntaxError: invalid character '“' (U+201C)
```

ಆ ಹುಡುಗನಿಗೆ ಮಾರ್ಕ್ಸ್ ವಾಪಸ್ ಕೊಟ್ಟೆ. ಅವನು ಅದನ್ನು ಇಡೀ ಕ್ಲಾಸಿಗೆ ತೋರಿಸಿಕೊಂಡು ಬಂದ.

ಇದಾದ ಮೇಲೆ ಶೀಟಿಗೆ ಕೋಡ್ ಟೈಪ್ ಮಾಡುವುದನ್ನೇ ಬಿಟ್ಟೆ. ಈಗ ಪ್ರತಿ ಪ್ರಶ್ನೆಯೂ ಮೊದಲು ಒಂದು `.py` ಫೈಲು. ಅದನ್ನು ಓಡಿಸಿ, ಬಂದ ಔಟ್‌ಪುಟ್ಟನ್ನೇ ಉತ್ತರ ಅಂತ ಉಳಿಸಿಕೊಳ್ಳುತ್ತೇನೆ.

```
python3 q1.py > q1.txt
```

ಆ ಫೈಲಿನಿಂದಲೇ ಕಾಪಿ ಮಾಡಿ ಶೀಟಿಗೆ ಹಾಕುತ್ತೇನೆ. ಎಲ್ಲ ಅಕ್ಷರಕ್ಕೂ ಒಂದೇ ಅಗಲ ಇರುವ ಫಾಂಟು, ಸಾಲಿನ ನಂಬರು ಎಡಕ್ಕೆ, ಪ್ರಶ್ನೆ ಒಂದು ಪುಟದಿಂದ ಇನ್ನೊಂದಕ್ಕೆ ಒಡೆಯಬಾರದು. ಪ್ರಿಂಟಿಗೆ ಕೊಡುವ ಮುಂಚೆ ಪಿಡಿಎಫ್‌ನಿಂದ ಕೋಡನ್ನು ವಾಪಸ್ ಕಾಪಿ ಮಾಡಿ ಒಂದು ಸಲ ಓಡಿಸುತ್ತೇನೆ. ಆಗ ಕೆಲವು ಸಲ ಇಂಡೆಂಟ್ ಕಳೆದುಹೋಗುತ್ತೆ, ಅದನ್ನು ಕೈಯಲ್ಲಿ ಹಾಕಿಕೊಳ್ಳಬೇಕು. ಆದರೆ ದೊಡ್ಡ ಪಿ, ಬಾಗಿದ ಕೊಟೇಶನ್ ಇದ್ದರೆ ಅಲ್ಲೇ ಸಿಕ್ಕಿಬೀಳುತ್ತವೆ. ಸಾಲಿನ ನಂಬರಿನಿಂದ ಇನ್ನೊಂದು ಉಪಯೋಗ. ‘ಕೆಳಗಿನಿಂದ ಎರಡನೇದು ಸರ್, ಅಲ್ಲ ಅದರ ಮೇಲಿನದು’ ಅನ್ನುವ ಗಲಾಟೆ ನಿಂತಿತು.

ಮೂರನೇ ರಿಪೇರಿ: ಬಗ್ ಅಲ್ಲದ ಬಗ್

ಅತಿ ಜಾಸ್ತಿ ಹೊತ್ತು ತಿಂದದ್ದು ಆಟೋ ಪ್ರಶ್ನೆ. ಬೆಂಗಳೂರಿನ ಮಕ್ಕಳಿಗೆ ಆಟೋ ಲೆಕ್ಕ ಹೇಳಿಕೊಡಬೇಕಿಲ್ಲ. 2025ರ ಆಗಸ್ಟ್ 1ರಿಂದ ಮೊದಲ ಎರಡು ಕಿಲೋಮೀಟರಿಗೆ ಮಿನಿಮಮ್ 36 ರೂಪಾಯಿ, ಆಮೇಲೆ ಕಿಲೋಮೀಟರಿಗೆ 18. ಮೀಟರ್ ಹಾಕಿದರೆ ಅನ್ನುವುದು ಬೇರೆ ಮಾತು. ನನ್ನ ಹಳೇ ಪ್ರಶ್ನೆ ಹೀಗಿತ್ತು.

```python
km = int(input())
if km < 2:
    fare = 36
else:
    fare = 36 + (km - 2) * 18
print("Fare:", fare)
```

ನಾನಿಟ್ಟ ತಪ್ಪು ಎರಡನೇ ಸಾಲಿನಲ್ಲಿ. ಎರಡು ಕಿಲೋಮೀಟರ್‌ವರೆಗೂ ಮಿನಿಮಮ್, ಆದ್ದರಿಂದ `<` ಅಲ್ಲ, `<=` ಇರಬೇಕು ಅಂತ ಉತ್ತರದ ಹಾಳೆಯಲ್ಲಿ ಬರೆದಿಟ್ಟಿದ್ದೆ. ಸುಮಾರು ಮಕ್ಕಳು ಅದನ್ನೇ ಬರೆದರು. ‘ಗಡಿಯಲ್ಲಿ ನೋಡಿ, ಈಕ್ವಲ್ ಇದೆಯಾ’ ಅಂತ ನಾನು ಹೇಳಿಕೊಟ್ಟಿದ್ದನ್ನು ಕಣ್ಣು ಮುಚ್ಚಿ ಒಪ್ಪಿಸಿದ್ದರು.

ನನ್ನ ಅಕ್ಕನ ಮಗಳೂ ಈ ಕ್ಲಾಸಿಗೆ ಬರುತ್ತಾಳೆ. ಅವಳು ‘ತಪ್ಪಿಲ್ಲ’ ಅಂತ ಬರೆದಿದ್ದಳು. ಕ್ಲಾಸ್ ಮುಗಿದ ಮೇಲೆ ಕಾಫಿ ಕುಡಿಯುವಾಗ ಕೇಳಿದೆ.

‘ಗಡಿ ನೋಡಲಿಲ್ವೇನೇ?’

‘ನೋಡಿದೆ ಮಾಮ. ಎರಡು ಹಾಕಿ ನೋಡು. ಎರಡು, ಎರಡಕ್ಕಿಂತ ಕಮ್ಮಿ ಅಲ್ಲ, `else`ಗೆ ಹೋಗುತ್ತೆ. ಎರಡರಲ್ಲಿ ಎರಡು ಕಳೆದರೆ ಸೊನ್ನೆ. ಸೊನ್ನೆ ಇಂಟು ಹದಿನೆಂಟು ಸೊನ್ನೆ. ಮೂವತ್ತಾರೇ ಬಂತಲ್ಲ. ನೀನು ಹೇಳಿದ ಹಾಗೆ ತಿದ್ದಿದ್ರೂ ಮೂವತ್ತಾರೇ.’

ಕಾಫಿ ತಣ್ಣಗಾಯಿತು. ಅವಳು ಹೇಳಿದ್ದು ಪೂರ್ತಿ ಸರಿ. ಗಡಿಯಲ್ಲಿ ಎರಡು ದಾರಿಯೂ ಒಂದೇ ಬೆಲೆಗೆ ತಲುಪುತ್ತವೆ. ಯಾವ ಇನ್‌ಪುಟ್ ಕೊಟ್ಟರೂ ಆ ‘ತಪ್ಪು’ ಹೊರಗೆ ಕಾಣುವುದಿಲ್ಲ. ನಮ್ಮ ಟೆಸ್ಟಿಂಗ್‌ನವರು ಇಂಥದ್ದನ್ನು ಈಕ್ವಿವಲೆಂಟ್ ಮ್ಯುಟೆಂಟ್ ಅನ್ನುತ್ತಾರೆ: ಕೋಡ್ ಬದಲಾಗಿದೆ, ನಡವಳಿಕೆ ಬದಲಾಗಿಲ್ಲ. ಆಫೀಸಿನಲ್ಲಿ ಯಾರಾದರೂ ಇದನ್ನು ಬಗ್ ಅಂತ ತಂದರೆ ನಾನೇ ವಾಪಸ್ ಕಳಿಸುತ್ತಿದ್ದೆ.

ಹಾಗಾದರೆ `<` ಮತ್ತು `<=` ಯಾವಾಗ ನಿಜವಾದ ವ್ಯತ್ಯಾಸ ಮಾಡುತ್ತೆ? ಗಡಿಯಲ್ಲಿ ಬೆಲೆ ಜಿಗಿಯಬೇಕು. ಆಟೋ ಲೆಕ್ಕದಲ್ಲೇ ಅಂಥ ಜಾಗ ಇದೆ. ರಾತ್ರಿ ಹತ್ತರಿಂದ ಬೆಳಗ್ಗೆ ಐದರವರೆಗೆ ಒಂದೂವರೆ ಪಟ್ಟು, ಬೆಂಗಳೂರಿನ ಬಾಯಲ್ಲಿ ‘ಒನ್ ಅಂಡ್ ಹಾಫ್’. ಹತ್ತು ಹೊಡೆದ ಕೂಡಲೇ 5 ಕಿಲೋಮೀಟರಿಗೆ 90 ಇದ್ದದ್ದು 135 ಆಗುತ್ತೆ. ಹೊಸ ಪ್ರಶ್ನೆಯನ್ನು ಅದರ ಮೇಲೆ ಕಟ್ಟಿದೆ.

```python
km = int(input())
hour = int(input())
fare = 36
if km > 2:
    fare = fare + (km - 2) * 18
if hour >= 22 and hour < 5:
    fare = fare * 1.5
print("Fare:", fare)
```

`hour` 0ಯಿಂದ 23ರವರೆಗಿನ ಅಂಕಿ ಅಂತ ಮೇಲೆ ಬರೆದೆ. 22ರಿಂದ ಒಂದೂವರೆ ಶುರು, 5 ಆದರೆ ಇಲ್ಲ ಅಂತಲೂ ಬರೆದೆ. ಅದನ್ನು ಹೇಳದೆ ಬಿಟ್ಟರೆ ಯಾವುದು ಬಗ್ಗು ಅಂತ ನಿರ್ಧಾರ ಮಾಡುವುದಕ್ಕೇ ಆಗುವುದಿಲ್ಲ.

ತಪ್ಪು ಆರನೇ ಸಾಲಿನಲ್ಲಿ. 22ಕ್ಕಿಂತ ಜಾಸ್ತಿಯೂ ಇದ್ದು 5ಕ್ಕಿಂತ ಕಮ್ಮಿಯೂ ಇರುವ ಅಂಕಿ ಯಾವುದೂ ಇಲ್ಲ. ಆ `if` ಒಳಗೆ ಯಾವತ್ತೂ ಹೋಗುವುದಿಲ್ಲ, ರಾತ್ರಿಯ ಚಾರ್ಜ್ ಯಾರಿಗೂ ಬೀಳುವುದಿಲ್ಲ. ‘ರಾತ್ರಿ ಹತ್ತರಿಂದ ಮತ್ತು ಬೆಳಗ್ಗೆ ಐದರವರೆಗೆ’ ಅಂತ ಬಾಯಲ್ಲಿ ಹೇಳಿಕೊಂಡು ಬರೆದರೆ ಈ ಸಾಲೇ ಬರುತ್ತೆ. ಮಕ್ಕಳು ತಾವಾಗಿ ಬರೆಯುವ ತಪ್ಪು ಇದು, ಅದಕ್ಕೇ ಆರಿಸಿದೆ. ಎರಡು ಚುಕ್ಕಿ ಕದ್ದು, ಆವರಣ ಮುರಿದು ಇಡುವ ತಪ್ಪುಗಳನ್ನು ಪೈಥಾನ್ ತಾನೇ ಸಾಲಿನ ನಂಬರು ಸಮೇತ ಹಿಡಿದುಕೊಡುತ್ತೆ. ಇದನ್ನು ಹಿಡಿದುಕೊಡುವುದಿಲ್ಲ. ಸುಮ್ನೆ ಓಡಿ, ಸುಮ್ನೆ 90 ಅಂತ ಪ್ರಿಂಟ್ ಮಾಡುತ್ತೆ.

ಕೇಳುವ ರೀತಿಯನ್ನೂ ಬದಲಾಯಿಸಿದೆ. ‘ತಪ್ಪು ಎಲ್ಲಿದೆ?’ ಅನ್ನುವುದು ಈಗ ಕೊನೆಯಲ್ಲಿ. ಮೊದಲು, ‘ಯಾವ ಇನ್‌ಪುಟ್ ಕೊಟ್ಟರೆ ಉತ್ತರ ತಪ್ಪು ಬರುತ್ತೆ? ಏನು ಬರುತ್ತೆ, ಏನು ಬರಬೇಕಿತ್ತು?’ ಅದಾದ ಮೇಲೆ ಒಂದೇ ಸಾಲು ತಿದ್ದಬೇಕು. 5 ಕಿಲೋಮೀಟರ್, ರಾತ್ರಿ 23 ಗಂಟೆ ಅಂತ ಕೊಟ್ಟವರು ಬಂದದ್ದು 90, ಬರಬೇಕಾದದ್ದು 135 ಅಂತ ಬರೆದರು. ಹಳೇ ಪ್ರಶ್ನೆಗೆ ಇದೇ ಮಾತು ಕೇಳಿದ್ದರೆ ಉತ್ತರದ ಹಾಳೆ ಬರೆಯುವಾಗಲೇ ನಾನು ಸಿಕ್ಕಿಹಾಕಿಕೊಳ್ಳುತ್ತಿದ್ದೆ. ತಪ್ಪು ತೋರಿಸುವ ಇನ್‌ಪುಟ್ಟೇ ಅಲ್ಲಿರಲಿಲ್ಲವಲ್ಲ.

ಇಲ್ಲಿ ಒಂದು ಚಿಕ್ಕ ತೊಡಕು. ಸರಿ ಮಾಡಿದ ಪ್ರೋಗ್ರಾಮ್ 135 ಅಂತ ಅಲ್ಲ, `135.0` ಅಂತ ಪ್ರಿಂಟ್ ಮಾಡುತ್ತೆ. 1.5ರಿಂದ ಗುಣಿಸಿದ ಮೇಲೆ ಅದು ಫ್ಲೋಟ್, ಅಂದರೆ ದಶಾಂಶದ ಅಂಕಿ. ಔಟ್‌ಪುಟ್ ಪ್ರಶ್ನೆಯಾಗಿದ್ದರೆ ಆ `.0` ಬೇಕೇ ಬೇಕು ಅನ್ನುತ್ತಿದ್ದೆ. ಇದು ಬಗ್ ಪ್ರಶ್ನೆ, ಹಾಗಾಗಿ ಎರಡನ್ನೂ ಒಪ್ಪಿದೆ.

ತಿದ್ದಿದ ಸಾಲುಗಳು ನಾನಾ ಬಗೆಯಲ್ಲಿ ಬಂದವು. ಸರಿಯಾದದ್ದು `hour >= 22 or hour < 5`. ಕೆಲವರು `hour > 22 or hour < 5` ಬರೆದರು. ಕೆಲವರು `hour >= 22 or hour <= 5`. ಕಿಟಕಿ ಪಕ್ಕದ ಹುಡುಗ `hour >= 22 or 5` ಅಂತ ಮುಗಿಸಿದ್ದ. ಒಂದೊಂದನ್ನೂ ಕಣ್ಣಲ್ಲಿ ನೋಡಿ ಮಾರ್ಕ್ಸ್ ಹಾಕುವುದಕ್ಕಿಂತ ಐದು ಗಂಟೆಗಳನ್ನು ಆರಿಸಿಕೊಂಡು ಅವರ ಸಾಲನ್ನು ಓಡಿಸಿಬಿಟ್ಟೆ.

```python
def night(hour):
    return hour >= 22 or 5

for h in [22, 23, 3, 5, 12]:
    print(h, night(h))
```

ಸರಿ ಸಾಲು ಹಾಕಿದರೆ ಮೊದಲ ಮೂರಕ್ಕೆ `True`, ಕೊನೆಯ ಎರಡಕ್ಕೆ `False` ಬರಬೇಕು. 22 ಇರುವುದು ಈಕ್ವಲ್ ಬಿಟ್ಟವರನ್ನು ಹಿಡಿಯುವುದಕ್ಕೆ. 5 ಇರುವುದು ಈಕ್ವಲ್ ಜಾಸ್ತಿ ಹಾಕಿದವರನ್ನು ಹಿಡಿಯುವುದಕ್ಕೆ. 23 ಮತ್ತು 3 ಎರಡೂ ಬೇಕು, ಯಾಕೆಂದರೆ ರಾತ್ರಿಯ ಅರ್ಧ ಮಾತ್ರ ಸರಿ ಮಾಡಿದವರೂ ಇದ್ದರು. 12 ಇರುವುದು ಕಿಟಕಿ ಪಕ್ಕದವನಿಗೆ.

ಅವನನ್ನೇ ಕರೆದು ಅವನ ಸಾಲು ಓಡಿಸಲು ಹೇಳಿದೆ. 22ಕ್ಕೆ `True`, 23ಕ್ಕೆ `True` ಬಂತು. ಆಮೇಲೆ 3ಕ್ಕೆ, 5ಕ್ಕೆ, 12ಕ್ಕೆ ಮೂರಕ್ಕೂ ಬರೀ `5` ಅಂತ ಬಂತು.

‘ಐದು ಯಾಕೆ ಸರ್? ಹೌದೋ ಇಲ್ವೋ ತಾನೆ ಹೇಳ್ಬೇಕಿತ್ತು?’

ಪೈಥಾನ್‌ನಲ್ಲಿ `or` ಎಡಗಡೆಯದು ಸುಳ್ಳಾದರೆ ಬಲಗಡೆ ಏನಿದೆಯೋ ಅದನ್ನೇ ಎತ್ತಿ ಕೊಡುತ್ತೆ. ಬಲಗಡೆ ಇದ್ದದ್ದು 5. ಸೊನ್ನೆ ಅಲ್ಲದ ಅಂಕಿಯನ್ನು `if` ನಿಜ ಅಂತಲೇ ತಗೊಳ್ಳುತ್ತೆ. ಹಾಗಾಗಿ ಮಟಮಟ ಮಧ್ಯಾಹ್ನ ಹನ್ನೆರಡಕ್ಕೂ ಒಂದೂವರೆ. ‘ಹಂಗಾದ್ರೆ ಆಟೋದವ್ರು ಇದೇ ಪ್ರೋಗ್ರಾಮ್ ಇಟ್ಕೊಂಡಿದ್ದಾರೆ ಅನ್ಸುತ್ತೆ’ ಅಂತ ಹಿಂದಿನಿಂದ ಯಾರೋ ಅಂದರು. ಐದು ನಿಮಿಷ ಕ್ಲಾಸ್ ನಡೆಯಲಿಲ್ಲ.

ಈಗಿನ ಶೀಟು ಆರನೇ ಸಲದ್ದು. ಎಂಟು ಪ್ರಶ್ನೆ ಇದ್ದದ್ದು ಐದಕ್ಕೆ ಇಳಿದಿದೆ, ಯಾಕೆಂದರೆ ಟೇಬಲ್ಲಿಗೆ, ಇನ್‌ಪುಟ್ ಬರೆಯುವುದಕ್ಕೆ ಜಾಗ ಬೇಕು, ಎರಡೇ ಪುಟ. ಲಿಸ್ಟ್ ಪ್ರಶ್ನೆಯನ್ನು ಇನ್ನೂ ಮುಟ್ಟಿಲ್ಲ. ಅದರಲ್ಲಿ `small = 0` ಇಟ್ಟು ಅತಿ ಚಿಕ್ಕದನ್ನು ಹುಡುಕುವ ಲೂಪ್ ಇದೆ. ಲಿಸ್ಟಿನಲ್ಲಿ ಸೊನ್ನೆಗಿಂತ ಚಿಕ್ಕದು ಇಲ್ಲದಿದ್ದರೆ ಉತ್ತರ ಸೊನ್ನೆಯೇ ಉಳಿಯುತ್ತೆ, ಅದೇ ಬಗ್ಗು. ಅದನ್ನು `small = 100` ಅಂತ ತಿದ್ದುವವರು ಬಂದೇ ಬರುತ್ತಾರೆ. ಅವರಿಗೆ ಯಾವ ಲಿಸ್ಟ್ ತೋರಿಸಬೇಕು ಅಂತ ನೋಡಬೇಕು. ಎಲ್ಲ ಅಂಕಿಯೂ ನೂರಕ್ಕಿಂತ ಜಾಸ್ತಿ ಇರುವ ಲಿಸ್ಟ್, ಆದರೆ ಮಾರ್ಕ್ಸ್ ಅಂತ ಹೆಸರಿಟ್ಟರೆ ಆಗುವುದಿಲ್ಲ.

ಹೋದ ಶನಿವಾರ ಅಕ್ಕನ ಮಗಳು ಆಟೋ ಪ್ರಶ್ನೆಯ ಕೆಳಗೆ ಪೆನ್ಸಿಲ್‌ನಲ್ಲಿ ಒಂದು ಸಾಲು ಬರೆದಿದ್ದಳು: ‘ಹತ್ತಕ್ಕೆ ಐದು ನಿಮಿಷ ಇದ್ದಾಗ ಹತ್ತಿ, ಹತ್ತೂಕಾಲಿಗೆ ಇಳಿದರೆ `hour` ಯಾವುದು?’ ಪ್ರೋಗ್ರಾಮಿನಲ್ಲಿ ಒಂದೇ `hour` ಇದೆ. ಅದನ್ನು ಹಾಗೇ ಟೈಪ್ ಮಾಡಿ ಆರನೇ ಪ್ರಶ್ನೆ ಅಂತ ಸೇರಿಸಿದೆ, ಕೆಳಗೆ ನಾಲ್ಕು ಗೆರೆ ಖಾಲಿ ಬಿಟ್ಟು. ಉತ್ತರದ ಹಾಳೆಯಲ್ಲೂ ಅಲ್ಲಿ ಖಾಲಿಯೇ ಇದೆ.